ಲಕ್ಸ್ ಮತ್ತು ಫುಟ್-ಕ್ಯಾಂಡಲ್: ತರಗತಿ, ಕಾರ್ಯಾಗಾರಗಳ ಬೆಳಕನ್ನು ಪರಿಶೀಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಲಕ್ಸ್ ಮತ್ತು ಫುಟ್-ಕ್ಯಾಂಡಲ್ ಎರಡೂ ಅಳೆಯುವುದು ಒಂದನ್ನೇ ಏನು?

ಹೌದು. ಒಂದು ಮೇಲ್ಮೈಯ ಮೇಲೆ ಎಷ್ಟು ಬೆಳಕು ಬಂದು ಬೀಳುತ್ತಿದೆ ಎಂಬುದನ್ನೇ ಎರಡೂ ಹೇಳುತ್ತವೆ. ದೀಪ ಹೊರಸೂಸುವ ಬೆಳಕಿನ ಮೊತ್ತವನ್ನು ಲುಮೆನ್‌ನಲ್ಲಿ ಅಳೆಯುತ್ತೇವೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲುಮೆನ್ ಸಮನಾಗಿ ಹರಡಿದರೆ ಅಲ್ಲಿನ ಬೆಳಕಿನ ಮಟ್ಟ 1 ಲಕ್ಸ್; ಅದೇ ಒಂದು ಲುಮೆನ್ ಒಂದು ಚದರ ಅಡಿಯ ಮೇಲೆ ಬಿದ್ದರೆ 1 ಫುಟ್-ಕ್ಯಾಂಡಲ್. ಬೆಳಕು ಬದಲಾಗಿಲ್ಲ, ಅದು ಹಂಚಿಕೆಯಾದ ಜಾಗ ಮಾತ್ರ ಬದಲಾಗಿದೆ. ಚದರ ಅಡಿ ಚಿಕ್ಕದು, ಆದ್ದರಿಂದ ಅಷ್ಟೇ ಬೆಳಕು ಅಲ್ಲಿ ಹೆಚ್ಚು ದಟ್ಟವಾಗಿ ಬೀಳುತ್ತದೆ. ಒಂದು ಫುಟ್-ಕ್ಯಾಂಡಲ್ ಹತ್ತಕ್ಕೂ ಹೆಚ್ಚು, ಅಂದರೆ ಸುಮಾರು 10.764 ಲಕ್ಸ್‌ಗೆ ಸಮನಾಗುವುದು ಈ ಕಾರಣದಿಂದಲೇ.

ಹೆಸರಿನಲ್ಲಿರುವ ಮೇಣದಬತ್ತಿಗೆ ಕಾರಣವಿದೆ. ಒಂದು ಕ್ಯಾಂಡೆಲಾ, ಅಂದರೆ ಸುಮಾರು ಒಂದು ಮೇಣದಬತ್ತಿಯಷ್ಟು ತೀವ್ರತೆಯ ದೀಪವು ಒಂದು ಅಡಿ ದೂರದಲ್ಲಿ, ತನಗೆ ಎದುರಾಗಿರುವ ಮೇಲ್ಮೈಯ ಮೇಲೆ ಬೀಳಿಸುವ ಬೆಳಕೇ ಒಂದು ಫುಟ್-ಕ್ಯಾಂಡಲ್.

ಅಡಿಯಿಂದ ಮೀಟರ್‌ಗೆ 3.28 ಎಂದು ಓದಿದ್ದೇವೆ. ಇಲ್ಲಿ 10.764 ಎಲ್ಲಿಂದ ಬಂತು?

3.28 ಉದ್ದದ ಲೆಕ್ಕ, ಬೆಳಕಿನ ಮಟ್ಟದ್ದು ವಿಸ್ತೀರ್ಣದ ಲೆಕ್ಕ. ಒಂದು ಅಡಿ ಎಂದರೆ ನಿಖರವಾಗಿ 0.3048 ಮೀಟರ್. ಅದರ ವರ್ಗ 0.09290304, ಅಂದರೆ ಒಂದು ಚದರ ಮೀಟರ್‌ನಲ್ಲಿ 10.7639 ಚದರ ಅಡಿಗಳಿವೆ. ಕೆಲಸಕ್ಕೆ ಮೂರು ದಶಮಾಂಶಗಳಿದ್ದರೆ ಸಾಕು.

```
lux = fc * 10.764
fc  = lux / 10.764
```

ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲವಾದಾಗ ಒಂದು ವಿಷಯ ನೆನಪಿದ್ದರೆ ಸಾಕು: ಒಂದೇ ಬೆಳಕಿಗೆ ಲಕ್ಸ್ ಅಂಕಿ ಯಾವಾಗಲೂ ದೊಡ್ಡದು, ಫುಟ್-ಕ್ಯಾಂಡಲ್ ಅಂಕಿ ಯಾವಾಗಲೂ ಚಿಕ್ಕದು. ಉತ್ತರ ತದ್ವಿರುದ್ಧವಾಗಿ ಬಂದಿದ್ದರೆ ಸೂತ್ರ ತಿರುಗಿಬಿದ್ದಿದೆ. 3.28ರಿಂದ ಲೆಕ್ಕ ಹಾಕಿದ ವರದಿಗಳನ್ನೂ ನಾನು ಕಂಡಿದ್ದೇನೆ. ಅಂಥ ವರದಿಯಲ್ಲಿ 30 ಫುಟ್-ಕ್ಯಾಂಡಲ್ ಇದ್ದ ಒಳ್ಳೆಯ ತರಗತಿಯು 98 ಲಕ್ಸ್‌ನ ಕತ್ತಲೆ ಕೋಣೆಯಾಗಿ ಕಾಣುತ್ತದೆ.

ಸುಮಾರಾಗಿ 10ರಿಂದ ಗುಣಿಸಿದರೆ ಸಾಲದೇ?

ಕೋಣೆಯೊಳಗೆ ನಿಂತು ಮನಸ್ಸಿನಲ್ಲೇ ಅಂದಾಜು ಮಾಡಲು ಸಾಕು. ಮಾನದಂಡಕ್ಕೆ ಹೊಂದುತ್ತದೆಯೇ ಇಲ್ಲವೇ ಎಂದು ಬರೆದು ಸಹಿ ಹಾಕಲು ಸಾಲದು. 10 ಮತ್ತು 10.764ರ ನಡುವಿನ ವ್ಯತ್ಯಾಸ ಶೇಕಡಾ 7ಕ್ಕಿಂತ ಹೆಚ್ಚು, ಮತ್ತು ಅದು ಪ್ರತಿ ಸಲವೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಹಲವು ಬಿಂದುಗಳ ಸರಾಸರಿ ತೆಗೆದರೂ ಆ ತಪ್ಪು ಅಳಿಯುವುದಿಲ್ಲ.

ಎರಡು ಸಂದರ್ಭಗಳನ್ನು ನೋಡಿ. ತರಗತಿಗೆ 300 ಲಕ್ಸ್ ಬೇಕು, ಮೀಟರ್ 29 ಫುಟ್-ಕ್ಯಾಂಡಲ್ ತೋರಿಸಿತು ಎನ್ನೋಣ. ಹತ್ತರಿಂದ ಗುಣಿಸಿದರೆ 290, ಕೋಣೆ ಅನುತ್ತೀರ್ಣ. ಸರಿಯಾದ ಲೆಕ್ಕದಲ್ಲಿ ಅದು 312 ಲಕ್ಸ್. ಇದನ್ನು ಹಿಂದುಮುಂದು ಮಾಡಿ: ವಿದೇಶಿ ಪರಿಶೀಲನಾ ಪಟ್ಟಿ 30 ಫುಟ್-ಕ್ಯಾಂಡಲ್ ಕೇಳುತ್ತದೆ, ನಮ್ಮ ಮೀಟರ್ 310 ಲಕ್ಸ್ ತೋರಿಸುತ್ತದೆ. ಹತ್ತರಿಂದ ಭಾಗಿಸಿದರೆ 31, ನೆಮ್ಮದಿಯ ಉತ್ತೀರ್ಣ. ನಿಜವಾಗಿ ಅದು 28.8, ಅಂದರೆ ಬೇಕಾದುದಕ್ಕಿಂತ ಕಡಿಮೆ. ಅದೇ ಸುಲಭ ಲೆಕ್ಕ ಒಂದು ಕಡೆ ಸರಿಯಿರುವ ಕೋಣೆಗೆ ಅನಗತ್ಯ ಖರ್ಚು ಹೊರಿಸಿತು, ಇನ್ನೊಂದು ಕಡೆ ಕೊರತೆಯನ್ನು ಮುಚ್ಚಿಟ್ಟಿತು.

ಕೆಲವು ಕೋಷ್ಟಕಗಳಲ್ಲಿ "300 ಲಕ್ಸ್, 30 ಫುಟ್-ಕ್ಯಾಂಡಲ್" ಎಂದು ಎರಡೂ ಅಂಕಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಯಾವುದನ್ನು ನಂಬಬೇಕು?

ಬೆಳಕಿನ ಶಿಫಾರಸುಗಳು ಸ್ವಭಾವತಃ ದುಂಡು ಅಂಕಿಗಳು. 300 ಲಕ್ಸ್ ಎಂದರೆ 299ರಲ್ಲಿ ಕಣ್ಣು ಸೋತು 301ರಲ್ಲಿ ಸುಧಾರಿಸುತ್ತದೆ ಎಂದೇನೂ ಅಲ್ಲ. ಆದ್ದರಿಂದ ಅಮೆರಿಕದ ಬೆಳಕು ತಂತ್ರಜ್ಞರು ತಮ್ಮ ಕೋಷ್ಟಕಗಳಲ್ಲಿ 1 ಫುಟ್-ಕ್ಯಾಂಡಲ್‌ಗೆ 10 ಲಕ್ಸ್ ಎಂದು ಉದ್ದೇಶಪೂರ್ವಕವಾಗಿಯೇ ದುಂಡಾಗಿಸುವ ರೂಢಿಯಿದೆ. ಅದು ಶಿಫಾರಸು ಬರೆಯುವವರ ಸ್ವಾತಂತ್ರ್ಯ, ಅಳತೆ ಮಾಡುವವರದ್ದಲ್ಲ.

ನಾನು ಪಾಲಿಸುವ ಕ್ರಮ ಹೀಗಿದೆ. ನಿಮ್ಮ ಒಪ್ಪಂದ ಅಥವಾ ನಿಯಮ ಯಾವ ಏಕಮಾನವನ್ನು ಮೂಲವೆಂದು ಹೇಳುತ್ತದೆಯೋ, ಆ ಏಕಮಾನದಲ್ಲೇ ಕೊನೆಯ ಹೋಲಿಕೆ ಆಗಬೇಕು. ಮಾನದಂಡದ ಅಂಕಿಯನ್ನು ಮುಟ್ಟಬೇಡಿ. ನಿಮ್ಮ ಅಳತೆಯನ್ನು ಮಾತ್ರ ಪರಿವರ್ತಿಸಿ, ಅದೂ ಒಂದೇ ಸಲ, ಸರಾಸರಿ ತೆಗೆದ ಮೇಲೆ. ಪ್ರತಿ ಬಿಂದುವನ್ನೂ ಪರಿವರ್ತಿಸಿ, ದುಂಡಾಗಿಸಿ, ಆಮೇಲೆ ಸರಾಸರಿ ತೆಗೆದರೆ ದುಂಡಾಗಿಸಿದ ಚೂರುಗಳೆಲ್ಲ ಉತ್ತರದೊಳಗೆ ಸೇರಿಕೊಳ್ಳುತ್ತವೆ.

ಭಾರತದಲ್ಲಿ ತರಗತಿಗೂ ಕಾರ್ಯಾಗಾರಕ್ಕೂ ಎಷ್ಟು ಬೆಳಕು ಬೇಕು? ಅದು ಎಷ್ಟು ಫುಟ್-ಕ್ಯಾಂಡಲ್?

ಒಳಾಂಗಣ ಬೆಳಕಿಗೆ ನಮ್ಮಲ್ಲಿರುವ ಮುಖ್ಯ ಸಂಹಿತೆ ಐಎಸ್ 3646. ಅದರ 1992ರ ಮೊದಲ ಭಾಗವು ಪ್ರತಿ ಕೆಲಸಕ್ಕೂ ಒಂದಲ್ಲ, ಮೂರು ಅಂಕಿಗಳನ್ನು ಕೊಡುತ್ತದೆ. ಸಾಮಾನ್ಯ ಬೋಧನೆಯ ಕೋಣೆಗೆ 200, 300, 500 ಲಕ್ಸ್. ಯಂತ್ರ ಕಾರ್ಯಾಗಾರದಲ್ಲಿ ಮಧ್ಯಮ ಸೂಕ್ಷ್ಮತೆಯ ಬೆಂಚ್ ಕೆಲಸಕ್ಕೂ ಯಂತ್ರದ ಕೆಲಸಕ್ಕೂ 300, 500, 750 ಲಕ್ಸ್. ಸಾಮಾನ್ಯ ಸಂದರ್ಭಕ್ಕೆ ನಡುವಿನ ಅಂಕಿಯೇ ಅನ್ವಯ. ಕೆಲಸದ ವಸ್ತು ತೀರಾ ಕಪ್ಪಾಗಿದ್ದರೆ, ತಪ್ಪನ್ನು ಸರಿಪಡಿಸುವುದು ದುಬಾರಿಯಾಗಿದ್ದರೆ ಅಥವಾ ಕೆಲಸ ಮಾಡುವವರ ದೃಷ್ಟಿಶಕ್ತಿ ಕಡಿಮೆಯಿದ್ದರೆ ಮೇಲಿನ ಅಂಕಿಗೆ ಹೋಗಬೇಕು. ವಸ್ತು ಚೆನ್ನಾಗಿ ಎದ್ದು ಕಾಣುತ್ತಿದ್ದು, ಆ ಕೆಲಸವನ್ನು ಅಪರೂಪಕ್ಕೊಮ್ಮೆ ಮಾತ್ರ ಮಾಡುವುದಾದರೆ ಕೆಳಗಿನದು ಸಾಕು.

ಫುಟ್-ಕ್ಯಾಂಡಲ್‌ನಲ್ಲಿ 200 ಲಕ್ಸ್ ಎಂದರೆ 18.6, 300 ಎಂದರೆ 27.9, 500 ಎಂದರೆ 46.5, 750 ಎಂದರೆ 69.7. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಓ 8995ರ 2002ರ ಆವೃತ್ತಿಯೂ ತರಗತಿಗೆ 300 ಲಕ್ಸ್, ಕರಿಹಲಗೆಗೆ 500 ಲಕ್ಸ್ ಎಂದೇ ಹೇಳಿತ್ತು.

ಮೂರು ಅಂಕಿಗಳಲ್ಲಿ ಯಾವುದನ್ನು ಆರಿಸಿದಿರಿ, ಏಕೆ ಆರಿಸಿದಿರಿ ಎಂಬುದನ್ನು ಅಳತೆಗೆ ಮೊದಲೇ ಬರೆದಿಡಿ. ಅಳತೆ ಬಂದ ಮೇಲೆ ಅದಕ್ಕೆ ಹೊಂದುವ ಅಂಕಿಯನ್ನು ಹುಡುಕಿ ಆರಿಸುವುದು ಪರಿಶೀಲನೆಯಲ್ಲ.

ನಮ್ಮ ಕಾರ್ಯಾಗಾರದಲ್ಲಿ 150 ಲಕ್ಸ್ ಇದೆ. ಅಮೆರಿಕದ ಸುರಕ್ಷಾ ನಿಯಮದ 10 ಫುಟ್-ಕ್ಯಾಂಡಲ್‌ಗಿಂತ ಅದು ಹೆಚ್ಚು. ಹಾಗಾದರೆ ಸಾಕಲ್ಲವೇ?

ಪರಿವರ್ತನೆ ಸರಿಯಾಗಿದೆ: 10 ಫುಟ್-ಕ್ಯಾಂಡಲ್ ಎಂದರೆ 108 ಲಕ್ಸ್. ಹೋಲಿಕೆ ಮಾತ್ರ ಸರಿಯಿಲ್ಲ. ಆ ಅಂಕಿ ಇರುವುದು ಅಮೆರಿಕದ ಔದ್ಯೋಗಿಕ ಸುರಕ್ಷಾ ಆಡಳಿತವು ಕಟ್ಟಡ ನಿರ್ಮಾಣದ ಕೆಲಸಗಳಿಗಾಗಿ ಮಾಡಿದ ನಿಯಮದಲ್ಲಿ. ನಿರ್ಮಾಣ ಸ್ಥಳದ ಸಾಮಾನ್ಯ ಜಾಗಕ್ಕೆ 5, ಅಲ್ಲಿನ ಬಡಗಿ ಶೆಡ್ಡು, ಯಂತ್ರದ ಕೋಣೆಗಳಿಗೆ 10, ಕಚೇರಿ ಮತ್ತು ಪ್ರಥಮ ಚಿಕಿತ್ಸಾ ಕೋಣೆಗೆ 30 ಫುಟ್-ಕ್ಯಾಂಡಲ್ ಎಂದು ಅದು ಹೇಳುತ್ತದೆ. ಇವು ಅಪಘಾತ ತಪ್ಪಿಸಲು ಇರಲೇಬೇಕಾದ ಕನಿಷ್ಠ ಮಿತಿಗಳು. ವಿದ್ಯಾರ್ಥಿಯೊಬ್ಬ ವರ್ನಿಯರ್ ಕ್ಯಾಲಿಪರ್‌ನ ಗೆರೆಯನ್ನು ದಿನವಿಡೀ ದಣಿವಿಲ್ಲದೆ ಓದಲು ಎಷ್ಟು ಬೆಳಕು ಬೇಕು ಎಂಬುದಕ್ಕೆ ಕೊಟ್ಟ ಉತ್ತರವಲ್ಲ.

ಹಳೆಯ ಬ್ರಿಟಿಷ್ ನಿಯಮಗಳ ವಿಷಯವೂ ಹೀಗೆಯೇ. ಯುದ್ಧಕಾಲದ 1941ರ ಕಾರ್ಖಾನೆ ಬೆಳಕಿನ ನಿಯಮವು ನೆಲದಿಂದ 3 ಅಡಿ ಎತ್ತರದಲ್ಲಿ 6 ಫುಟ್-ಕ್ಯಾಂಡಲ್ ಕೇಳಿತ್ತು. ಅದು ಇಂದಿನ 65 ಲಕ್ಸ್‌ನಷ್ಟು. ಹಳೆಯ ದಾಖಲೆಯೊಂದರಲ್ಲಿ 65 ಲಕ್ಸ್‌ನಂಥ ವಿಚಿತ್ರ ಅಂಕಿ ಎದುರಾದರೆ ಅದನ್ನು 10.764ರಿಂದ ಭಾಗಿಸಿ ನೋಡಿ. ಉತ್ತರ ಪೂರ್ಣಾಂಕಕ್ಕೆ ಹತ್ತಿರ ಬಂದರೆ ಆ ಅಂಕಿ ಫುಟ್-ಕ್ಯಾಂಡಲ್‌ನಿಂದ ಬಂದಿರುವ ಸಾಧ್ಯತೆ ಹೆಚ್ಚು.

ಒಂದು ತರಗತಿಯ ಅಳತೆಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸುತ್ತೀರಾ?

ಮಾದರಿಗಾಗಿ 25 ಅಡಿ ಉದ್ದ, 20 ಅಡಿ ಅಗಲದ ಕೋಣೆಯೊಂದನ್ನು ತೆಗೆದುಕೊಳ್ಳೋಣ. ಡೆಸ್ಕಿನ ಮೇಲ್ಮೈಯಿಂದ ಟ್ಯೂಬ್‌ಲೈಟ್‌ವರೆಗೆ 2 ಮೀಟರ್ ಎತ್ತರವಿದೆ. ನಮ್ಮ ಕೈಯಲ್ಲಿರುವ ಮೀಟರ್ ಫುಟ್-ಕ್ಯಾಂಡಲ್‌ನಲ್ಲಿ ಮಾತ್ರ ಓದುತ್ತದೆ, ಹೋಲಿಸಬೇಕಾದುದು 300 ಲಕ್ಸ್‌ಗೆ.

ಎಷ್ಟು ಬಿಂದುಗಳಲ್ಲಿ ಅಳೆಯಬೇಕು ಎಂಬುದು ಮೊದಲ ಪ್ರಶ್ನೆ. ಅದನ್ನು ಕೋಣೆಯ ಸೂಚ್ಯಂಕ ಹೇಳುತ್ತದೆ: ಉದ್ದವನ್ನು ಅಗಲದಿಂದ ಗುಣಿಸಿ, ಬಂದುದನ್ನು ದೀಪದ ಎತ್ತರ ಮತ್ತು ಉದ್ದ-ಅಗಲಗಳ ಮೊತ್ತದ ಗುಣಲಬ್ಧದಿಂದ ಭಾಗಿಸಬೇಕು. ಇಲ್ಲಿ ಉದ್ದ 7.62 ಮೀಟರ್, ಅಗಲ 6.10 ಮೀಟರ್.

```
(7.62 * 6.10) / (2 * (7.62 + 6.10)) = 1.69
```

ಸೂಚ್ಯಂಕ 1ಕ್ಕಿಂತ ಕಡಿಮೆಯಿದ್ದರೆ ಕನಿಷ್ಠ 4 ಬಿಂದುಗಳು, 1ರಿಂದ 2ರವರೆಗೆ 9, 2ರಿಂದ 3ರವರೆಗೆ 16, ಅದಕ್ಕೂ ಮೇಲೆ 25 ಬಿಂದುಗಳು ಬೇಕು. ನಮಗೆ 9 ಸಾಕು. ಕೋಣೆಯನ್ನು ಒಂಬತ್ತು ಸಮ ಭಾಗಗಳಾಗಿ ಭಾಗಿಸಿಕೊಂಡು, ಪ್ರತಿಯೊಂದರ ನಡುವೆ ಡೆಸ್ಕಿನ ಎತ್ತರದಲ್ಲಿ ಮೀಟರ್‌ನ ಸಂವೇದಕವನ್ನು ಮೇಲ್ಮುಖವಾಗಿ, ಮಟ್ಟಸವಾಗಿ ಇಡಬೇಕು. ಬಿಂದುಗಳ ಸಾಲು ದೀಪಗಳ ಸಾಲಿನ ಅಡಿಯಲ್ಲೇ ಸರಿಯಾಗಿ ಬಂದುಬಿಟ್ಟರೆ ಸರಾಸರಿ ಸುಳ್ಳಾಗಿ ಏರುತ್ತದೆ. ಹಾಗಾದಾಗ ಬಿಂದುಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಿ. ದೀಪಗಳ ಅಳತೆಗೆ ಕತ್ತಲಾದ ಮೇಲಿನ ಹೊತ್ತೇ ಒಳ್ಳೆಯದು. ದೀಪ ಹಾಕಿ ಸುಮಾರು ಇಪ್ಪತ್ತು ನಿಮಿಷ ಬಿಟ್ಟು ಆರಂಭಿಸಿ, ನಿಮ್ಮ ನೆರಳು ಸಂವೇದಕದ ಮೇಲೆ ಬೀಳದಂತೆ ದೂರ ನಿಂತು ಓದಿ. ತಿಳಿಬಣ್ಣದ ಅಂಗಿ ಕೂಡ ಹತ್ತಿರವಿದ್ದರೆ ಬೆಳಕನ್ನು ಹಿಂತಿರುಗಿಸಿ ಅಂಕಿಯನ್ನು ಏರಿಸಬಲ್ಲದು.

ಒಂಬತ್ತು ಓದುಗಳು ಹೀಗೆ ಬಂದವು ಎನ್ನೋಣ: ಮೊದಲ ಸಾಲಿನಲ್ಲಿ 25, 29, 26, ನಡುವಿನ ಸಾಲಿನಲ್ಲಿ 31, 36, 32, ಹಿಂದಿನ ಸಾಲಿನಲ್ಲಿ 24, 29, 25. ಮೊತ್ತ 257, ಸರಾಸರಿ 28.56 ಫುಟ್-ಕ್ಯಾಂಡಲ್. ಈಗ ಒಂದೇ ಸಲ ಪರಿವರ್ತಿಸಿದರೆ 307 ಲಕ್ಸ್. ಹತ್ತರಿಂದ ಗುಣಿಸಿದ್ದರೆ 286 ಎಂದು ಬರೆದು ಕೋಣೆಯನ್ನು ಅನುತ್ತೀರ್ಣಗೊಳಿಸುತ್ತಿದ್ದೆವು. ಅಂಕಿಗಳು ಗಣಕದಲ್ಲಿದ್ದರೆ ಇಷ್ಟೇ ಸಾಕು:

```
=AVERAGE(B2:B10)*10.764
```

ಅತ್ಯಂತ ಕಡಿಮೆ ಓದನ್ನು ಸರಾಸರಿಯಿಂದ ಭಾಗಿಸಿದರೆ ಬೆಳಕಿನ ಸಮತೆ ಸಿಗುತ್ತದೆ. ಇಲ್ಲಿ 24ನ್ನು 28.56ರಿಂದ ಭಾಗಿಸಿದರೆ 0.84, ಕೆಲಸದ ಜಾಗಕ್ಕೆ 0.7 ಇದ್ದರೆ ಸಾಕು. ಇದು ಅನುಪಾತವಾದ್ದರಿಂದ ಯಾವ ಏಕಮಾನದಲ್ಲಿ ಅಳೆದರೂ ಅದೇ ಉತ್ತರ ಬರುತ್ತದೆ, ಪರಿವರ್ತನೆ ಬೇಕಿಲ್ಲ.

307 ಬಂತು, 300 ಬೇಕಿತ್ತು. ಹಾಗಾದರೆ ಕೋಣೆ ಉತ್ತೀರ್ಣ ಎಂದು ಬರೆಯಬಹುದೇ?

ಆ ಸಂಜೆಯ ಮಟ್ಟಿಗೆ 300 ದಾಟಿದೆ ಎಂದು ಬರೆಯಬಹುದು, ಆದರೆ ಎರಡು ಮಾತುಗಳನ್ನು ಜೊತೆಗೆ ಸೇರಿಸಲೇಬೇಕು.

ಮೊದಲನೆಯದು ಮೀಟರ್‌ನ ನಿಖರತೆ. ಸಾಮಾನ್ಯವಾಗಿ ಕೈಗೆ ಸಿಗುವ ಮೀಟರ್‌ಗಳ ಕೈಪಿಡಿಯಲ್ಲಿ ಶೇಕಡಾ 4 ಅಥವಾ 5ರಷ್ಟು ತಪ್ಪಿನ ಅಂಚು ನಮೂದಾಗಿರುತ್ತದೆ. 5 ಎಂದುಕೊಂಡರೆ ನಮ್ಮ 307 ನಿಜವಾಗಿ 292ರಿಂದ 323ರವರೆಗೆ ಎಲ್ಲಿಯಾದರೂ ಇರಬಹುದು. ಆದ್ದರಿಂದ 307.37 ಎಂದು ದಶಮಾಂಶ ಸಮೇತ ಬರೆಯುವುದು ಇಲ್ಲದ ನಿಖರತೆಯನ್ನು ತೋರಿಸಿದಂತೆ. ಹಾಗಿದ್ದರೆ 10.764 ಬಳಸುವ ಶ್ರಮವೇಕೆ ಎಂದು ಕೆಲವರು ಕೇಳುತ್ತಾರೆ. ಮೀಟರ್‌ನ ತಪ್ಪನ್ನು ನಾವು ತಡೆಯಲಾರೆವು. ಲೆಕ್ಕದ ತಪ್ಪನ್ನು ಯಾವ ಖರ್ಚೂ ಇಲ್ಲದೆ ತಡೆಯಬಹುದು. ತಡೆಯಬಹುದಾದುದನ್ನು ತಡೆಯಲಾಗದ್ದರ ಮೇಲೆ ಪೇರಿಸುವುದರಲ್ಲಿ ಅರ್ಥವಿಲ್ಲ.

ಎರಡನೆಯ ಮಾತು ಇನ್ನೂ ಮುಖ್ಯ. ಮಾನದಂಡದ 300 ಎಂಬುದು ಹೊಸ ದೀಪದ ಮೊದಲ ದಿನದ ಅಂಕಿಯಲ್ಲ, ದೀಪ ಹಳತಾಗಿ ಧೂಳು ಹಿಡಿದ ಮೇಲೂ ಉಳಿಯಬೇಕಾದ ಅಂಕಿ. ನಮ್ಮ ಕೋಣೆಯ ದೀಪಗಳನ್ನು ಕಳೆದ ವಾರವಷ್ಟೇ ಹಾಕಿದ್ದರೆ, ಮುಂದೆ ಬೆಳಕು ಮೊದಲಿನ ಶೇಕಡಾ 80ಕ್ಕೆ ಇಳಿಯುತ್ತದೆ ಎಂದು ಹಿಡಿದಾಗ ಉಳಿಯುವುದು 246 ಲಕ್ಸ್, ಅಂದರೆ 22.8 ಫುಟ್-ಕ್ಯಾಂಡಲ್. ಅಂಥ ಕೋಣೆಗೆ ನಾನು ಉತ್ತೀರ್ಣ ಎಂದು ಬರೆಯುವುದಿಲ್ಲ. ದೀಪಗಳು ಎರಡು ಮೂರು ವರ್ಷ ಹಳೆಯವಾಗಿದ್ದು, ಒರೆಸಿ ಹಲವು ತಿಂಗಳಾಗಿದ್ದೂ 307 ಬಂದಿದ್ದರೆ ಸಂತೋಷದಿಂದ ಬರೆಯುತ್ತೇನೆ.

ಮೀಟರ್ ಯಾವ ಏಕಮಾನದಲ್ಲಿ ಓದುತ್ತಿದೆ ಎಂಬ ಅನುಮಾನ ಬಂದರೆ ತಿಳಿಯುವುದು ಹೇಗೆ?

ಹೆಚ್ಚಿನ ಮೀಟರ್‌ಗಳಲ್ಲಿ ಒಂದೇ ಗುಂಡಿ `LUX` ಮತ್ತು `FC` ನಡುವೆ ಬದಲಾಯಿಸುತ್ತದೆ, ಪರದೆಯ ಮೂಲೆಯಲ್ಲಿ ಚಿಕ್ಕ ಅಕ್ಷರ ಮಾತ್ರ ಬದಲಾಗುತ್ತದೆ. ಕೈ ತಗುಲಿ ಗುಂಡಿ ಒತ್ತಿಹೋಗಿ, ಅರ್ಧ ಕೋಣೆ ಒಂದು ಏಕಮಾನದಲ್ಲಿ, ಇನ್ನರ್ಧ ಇನ್ನೊಂದರಲ್ಲಿ ದಾಖಲಾಗಿದ್ದ ಹಾಳೆಯೊಂದು ನನ್ನ ಕೈಗೇ ಬಂದಿತ್ತು. ಅಕ್ಕಪಕ್ಕದ ಎರಡು ಬಿಂದುಗಳ ನಡುವೆ ಅಂಕಿ ಹತ್ತು ಪಟ್ಟು ಜಿಗಿದಿದ್ದರೆ ಅದು ಬೆಳಕಿನ ಏರಿಳಿತವಲ್ಲ, ಗುಂಡಿಯ ಕೆಲಸ.

ಅನುಮಾನ ಬಂದಾಗ ಮೀಟರನ್ನು ಅಲುಗಿಸದೆ ಅದೇ ಜಾಗದಲ್ಲಿ ಎರಡೂ ಏಕಮಾನಗಳಲ್ಲಿ ಓದಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ಉತ್ತರ 10.7ರ ಆಸುಪಾಸಿನಲ್ಲಿ ಬರಬೇಕು. ಸರಿಯಾಗಿ 10 ಬಂದರೆ ಮೀಟರ್ ಒಳಗೇ ದುಂಡು ಲೆಕ್ಕ ಹಾಕುತ್ತಿದೆ ಎಂದರ್ಥ. ಅದರ ಫುಟ್-ಕ್ಯಾಂಡಲ್ ಅಂಕಿಯನ್ನು ಬಿಟ್ಟು ಲಕ್ಸ್ ಅಂಕಿಯನ್ನೇ ಬಳಸಿ. ಹಳೆಯ ಮಾದರಿಗಳಲ್ಲಿ `×10` ಎಂಬ ವ್ಯಾಪ್ತಿಯ ಗುರುತು ಬೇರೆ ಇರುತ್ತದೆ. ಅದು ಏಕಮಾನದ ಬದಲಾವಣೆಯಲ್ಲ, ಪರದೆಯ ಅಂಕಿಯನ್ನು ಹತ್ತರಿಂದ ಗುಣಿಸಿಕೊಳ್ಳಿ ಎಂಬ ಸೂಚನೆ. ಇವೆರಡನ್ನೂ ಬೆರೆಸಿಕೊಂಡರೆ ತಪ್ಪು ನೂರು ಪಟ್ಟಿನವರೆಗೂ ಹೋಗುತ್ತದೆ.

ಬೆಳಕು ತೀರಾ ಕಡಿಮೆಯಿರುವ ಓಣಿ, ಮೆಟ್ಟಿಲುಗಳಲ್ಲಿ ಲಕ್ಸ್‌ನಲ್ಲೇ ಅಳೆಯುವುದು ಒಳ್ಳೆಯದು. ಪೂರ್ಣಾಂಕ ಮಾತ್ರ ತೋರಿಸುವ ಮೀಟರ್‌ನಲ್ಲಿ 3 ಫುಟ್-ಕ್ಯಾಂಡಲ್ ಎಂಬ ಓದು 2.5 ಇರಬಹುದು, 3.5 ಇರಬಹುದು, ಲಕ್ಸ್‌ನಲ್ಲಿ ಅದು 27ರಿಂದ 38ರವರೆಗಿನ ಅಂತರ.

ನಮ್ಮ ಕೋಣೆಯ ಅಳತೆ ಅಡಿಗಳಲ್ಲಿದೆ, ದೀಪದ ಡಬ್ಬಿಯ ಮೇಲೆ ಲುಮೆನ್ ಬರೆದಿದೆ. ಲಕ್ಸ್ ಎಷ್ಟಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದೇ?

ಹಾಕಬಹುದು, ಆದರೆ ಇಲ್ಲೇ ನಮ್ಮವರು ಗೊತ್ತಿಲ್ಲದೆ ಫುಟ್-ಕ್ಯಾಂಡಲ್‌ಗೆ ಕಾಲಿಡುತ್ತಾರೆ. ಕೋಣೆಗಳನ್ನು ನಾವು ಇಂದಿಗೂ ಅಡಿಗಳಲ್ಲೇ ಹೇಳುತ್ತೇವೆ. ಲುಮೆನ್ ಅನ್ನು ಚದರ ಅಡಿಯಿಂದ ಭಾಗಿಸಿದರೆ ಬರುವುದು ಫುಟ್-ಕ್ಯಾಂಡಲ್, ಲಕ್ಸ್ ಅಲ್ಲ.

ಅದೇ 500 ಚದರ ಅಡಿಯ ಕೋಣೆಯಲ್ಲಿ, ಬೇರೊಂದು ಯೋಜನೆಯಂತೆ, ತಲಾ 2000 ಲುಮೆನ್‌ನ ಎಂಟು ಎಲ್‌ಇಡಿ ಟ್ಯೂಬ್‌ಗಳನ್ನು ಹಾಕುತ್ತೇವೆ ಎನ್ನೋಣ. ಒಟ್ಟು 16,000 ಲುಮೆನ್. ಅದರಲ್ಲಿ ಗೋಡೆ, ಚಾವಣಿ ಹೀರಿಕೊಂಡು ಡೆಸ್ಕಿಗೆ ತಲುಪುವ ಪಾಲು 0.55, ಹಳತಾಗುವಿಕೆ ಮತ್ತು ಧೂಳಿನ ಪಾಲು 0.8 ಎಂದು ಹಿಡಿದರೆ ಉಳಿಯುವುದು 7,040 ಲುಮೆನ್. 500ರಿಂದ ಭಾಗಿಸಿದರೆ 14.1. ಇದನ್ನು ಲಕ್ಸ್ ಎಂದು ಓದಿದವರು ಗಾಬರಿಯಿಂದ ದೀಪಗಳನ್ನು ಇಪ್ಪತ್ತು ಪಟ್ಟು ಮಾಡಲು ಹೊರಡುತ್ತಾರೆ. ಇದು 14.1 ಫುಟ್-ಕ್ಯಾಂಡಲ್, ಅಂದರೆ ಸುಮಾರು 152 ಲಕ್ಸ್. 300 ಬೇಕಾದರೆ ದೀಪಗಳು ಎರಡರಷ್ಟಾಗಬೇಕು, ಹದಿನಾರು ಸಾಕು.

0.55 ಎಂಬ ಪಾಲು ತಿಳಿ ಗೋಡೆಯ ಕೋಣೆಗೆ ಸರಿಹೋಗುವ ಅಂದಾಜು. ಎಣ್ಣೆಮಸಿ ಹಿಡಿದ ಕಾರ್ಯಾಗಾರದ ಗೋಡೆಗೆ ಅದನ್ನೇ ಬಳಸಿದರೆ ಲೆಕ್ಕ ಕಾಗದದ ಮೇಲಷ್ಟೇ ಚೆನ್ನಾಗಿರುತ್ತದೆ.

ಕರಿಹಲಗೆ ಮತ್ತು ಲೇತ್ ಯಂತ್ರದಲ್ಲಿ ಎಲ್ಲಿ ಅಳೆಯಬೇಕು?

ಬೆಳಕು ಬೇಕಾದ ಮೇಲ್ಮೈ ಯಾವ ಕಡೆಗೆ ಮುಖ ಮಾಡಿದೆಯೋ ಸಂವೇದಕವೂ ಆ ಕಡೆಗೇ ಮುಖ ಮಾಡಬೇಕು. ಕರಿಹಲಗೆಗೆ ಅದನ್ನು ಹಲಗೆಗೆ ಒತ್ತಿ, ವಿದ್ಯಾರ್ಥಿಗಳ ಕಡೆ ತಿರುಗಿಸಿ ಹಿಡಿಯಬೇಕು. ಡೆಸ್ಕಿನ ಮೇಲೆ 28 ಫುಟ್-ಕ್ಯಾಂಡಲ್ ಇರುವ ಕೋಣೆಯ ಹಲಗೆಯ ಮೇಲೆ ಅದರ ಅರ್ಧವೂ ಇಲ್ಲದಿರುವುದು ಸಾಮಾನ್ಯ, ಏಕೆಂದರೆ ಚಾವಣಿಯ ದೀಪಗಳ ಬೆಳಕು ಹಲಗೆಯ ಮೇಲೆ ಓರೆಯಾಗಿ ಜಾರಿಹೋಗುತ್ತದೆ. ಅಲ್ಲಿ ಬೇಕಾದ 46.5 ಫುಟ್-ಕ್ಯಾಂಡಲ್, ಅಂದರೆ 500 ಲಕ್ಸ್, ಹಲಗೆಗೆಂದೇ ಹಾಕಿದ ದೀಪವಿಲ್ಲದೆ ಬರುವುದು ಕಷ್ಟ.

ಲೇತ್‌ನಲ್ಲಿ ಉಪಕರಣದ ಮೊನೆ ಲೋಹವನ್ನು ಮುಟ್ಟುವ ಜಾಗದಲ್ಲಿ ಅಳೆಯಿರಿ, ಯಂತ್ರ ನಿಂತಿರುವಾಗ, ಅದರ ಮೋಟಾರಿನ ವಿದ್ಯುತ್ ಕಡಿತಗೊಳಿಸಿದ ಮೇಲೆ. ಕೆಲಸಗಾರ ನಿಲ್ಲುವ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿಯೇ ಓದಿ. ಡೆಸ್ಕಿನಲ್ಲಿ ನೆರಳು ತಪ್ಪಿಸಿ ಎಂದೆ; ಇಲ್ಲಿ ಆ ನೆರಳೇ ಕೆಲಸದ ನಿಜಸ್ಥಿತಿ. ಯಂತ್ರಕ್ಕೆ ಅಂಟಿಸಿದ ದೀಪವಿದ್ದರೆ ಅದನ್ನು ಹಾಕಿ ಒಮ್ಮೆ, ಆರಿಸಿ ಒಮ್ಮೆ ಅಳೆದು ಎರಡನ್ನೂ ಬೇರೆ ಬೇರೆ ದಾಖಲಿಸಿ.

ವರದಿಯಲ್ಲಿ ಅಂಕಿಗಳನ್ನು ಹೇಗೆ ಬರೆಯಬೇಕು?

ಮೀಟರ್ ತೋರಿಸಿದ ಅಂಕಿಯನ್ನು ಅದರದೇ ಏಕಮಾನದಲ್ಲಿ ಮೊದಲು ಬರೆಯಿರಿ, ಪರಿವರ್ತಿಸಿದ ಸರಾಸರಿಯನ್ನು ಪಕ್ಕದಲ್ಲಿ ಬರೆಯಿರಿ, ಬಳಸಿದ 10.764 ಎಂಬ ಅಂಕಿಯನ್ನೂ ನಮೂದಿಸಿ. ನಮ್ಮ ಕೋಣೆಯ ಸಾಲು ಹೀಗಿರುತ್ತದೆ: "9 ಬಿಂದುಗಳ ಸರಾಸರಿ 28.6 ಫುಟ್-ಕ್ಯಾಂಡಲ್, 307 ಲಕ್ಸ್, ಸಮತೆ 0.84, ಕತ್ತಲಾದ ಮೇಲೆ, ಡೆಸ್ಕಿನ ಎತ್ತರದಲ್ಲಿ ಅಳೆದದ್ದು, ದೀಪಗಳನ್ನು ಹಾಕಿ ಎರಡು ವರ್ಷ." ಮುಂದಿನ ವರ್ಷ ಅದೇ ಕೋಣೆಗೆ ಲಕ್ಸ್ ಮೀಟರ್ ಹಿಡಿದು ಬರುವವರು ಇದರಿಂದ ತಮ್ಮ ಅಂಕಿಯನ್ನು ನೇರವಾಗಿ ಹೋಲಿಸಬಹುದು.